ವಿದ್ಯಾರ್ಥಿವೇತನದ ಅರ್ಜಿ: ಆದಾಯ ಪ್ರಮಾಣಪತ್ರ ಒಂದು ಹೇಳುತ್ತದೆ, ಪ್ರಬಂಧ ಇನ್ನೊಂದು ಹೇಳುತ್ತದೆ

ಶಿರಾದವನು | ಮೇ 4, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ, ಸಿಇಟಿ ಮೂಲಕ ಸಿಕ್ಕ ಸರ್ಕಾರಿ ಸೀಟಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ ಮುಗಿಸುತ್ತಿದ್ದಾಳೆ. ಎರಡನೇ ವರ್ಷಕ್ಕೆ ಒಂದು ಖಾಸಗಿ ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕೆಂದಿದ್ದೇವೆ. ವರ್ಷಕ್ಕೆ 75,000 ರೂಪಾಯಿವರೆಗೆ ಕೊಡುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಮೂರು ಲಕ್ಷ ಮೀರಿರಬಾರದು. ಜೂನ್ 20 ಕೊನೆಯ ದಿನ. ದಾಖಲೆಗಳ ಜೊತೆಗೆ, ನೆರವು ಏಕೆ ಬೇಕು ಮತ್ತು ಅದಕ್ಕೆ ತಾನು ಹೇಗೆ ಅರ್ಹಳು ಎಂಬುದನ್ನು 500 ಪದಗಳಲ್ಲಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ಕೊಡಬೇಕು.

ತೊಡಕು ಇರುವುದು ಇಲ್ಲಿ. ನಮ್ಮ ಆದಾಯ ಪ್ರಮಾಣಪತ್ರ 2022ರಲ್ಲಿ ಮಾಡಿಸಿದ್ದು, ಅದರಲ್ಲಿ 48,000 ರೂಪಾಯಿ ಎಂದಿದೆ. ಆಗ ನಾನು ಐಟಿಐ ಓದುತ್ತಿದ್ದೆ. ಈಗ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು, ತಿಂಗಳಿಗೆ 15,500 ಕೈಗೆ ಬರುತ್ತದೆ. ಹಳೆಯ ಪ್ರಮಾಣಪತ್ರವನ್ನೇ ಕೊಡಬಹುದೇ? ಪ್ರಬಂಧದಲ್ಲಿ ನನ್ನ ಸಂಬಳದ ಮಾತು ಎತ್ತಬೇಕೇ, ಬಿಡಬೇಕೇ? ತಂಗಿ ಬರೆದಿರುವ ಪ್ರಬಂಧದ ಮೊದಲ ಸಾಲು «ನಾನು ಒಂದು ಬಡ ರೈತ ಕುಟುಂಬದಲ್ಲಿ ಜನಿಸಿದೆನು» ಎಂದಿದೆ. ಅದನ್ನು ಓದಿದಾಗ ನನಗೇ ಏನೋ ಸರಿಯಿಲ್ಲ ಎನ್ನಿಸಿತು, ಆದರೆ ಏನೆಂದು ಹೇಳಲು ಬರಲಿಲ್ಲ.

ಹಾಸನದ ಗಿರೀಶ | ಮೇ 4, ರಾತ್ರಿ 10:15

ನೀವು ಅನಗತ್ಯವಾಗಿ ತಲೆ ಕೆಡಿಸಿಕೊಂಡಿದ್ದೀರಿ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಸಿಂಧುತ್ವ ಇರುತ್ತದೆ. 2022ರದ್ದು 2027ರವರೆಗೆ ನಡೆಯುತ್ತದೆ. ಅದರ ಮೇಲಿನ RD ಸಂಖ್ಯೆಯನ್ನು ಹಾಕಿದರೆ ಎಲ್ಲ ಕಡೆಯೂ ಅದೇ ಬರುತ್ತದೆ. ಹೊಸದನ್ನು ಮಾಡಿಸಲು ಹೋಗಿ ಇರುವ ಸೌಲಭ್ಯವನ್ನೂ ಕಳೆದುಕೊಳ್ಳಬೇಡಿ. ನನ್ನ ಅಕ್ಕನ ಮಗನಿಗೆ ನಾವು ಹೀಗೆಯೇ ಮಾಡಿದೆವು, ಯಾರೂ ಏನೂ ಕೇಳಲಿಲ್ಲ.

ಕಾಲೇಜು ಕಚೇರಿಯವರು | ಮೇ 5, ಬೆಳಿಗ್ಗೆ 7:05

ನಾನು ಒಂದು ಪದವಿ ಕಾಲೇಜಿನ ಕಚೇರಿಯಲ್ಲಿ ಹದಿನಾಲ್ಕು ವರ್ಷದಿಂದ ವಿದ್ಯಾರ್ಥಿವೇತನದ ಕಡತಗಳನ್ನೇ ನೋಡುತ್ತಿದ್ದೇನೆ. ಗಿರೀಶ್ ಅವರು ಹೇಳಿದ ಐದು ವರ್ಷದ ಮಾತು ಸರಿ. ನಾಡಕಚೇರಿಯಿಂದ ಕೊಡುವ ಆದಾಯ ಪ್ರಮಾಣಪತ್ರಕ್ಕೆ, ಮತ್ತು ಹಿಂದುಳಿದ ವರ್ಗದವರಿಗೆ ಜಾತಿ ಹಾಗೂ ಆದಾಯ ಎರಡನ್ನೂ ಸೇರಿಸಿ ಕೊಡುವ ಪ್ರಮಾಣಪತ್ರಕ್ಕೆ, ಐದು ವರ್ಷದ ಅವಧಿ ಇರುತ್ತದೆ. ಆದರೆ ಕಾಗದದ ಅವಧಿ ಮುಗಿದಿಲ್ಲ ಎನ್ನುವುದೂ ಕಾಗದದಲ್ಲಿರುವ ಮಾತು ಇಂದಿಗೂ ನಿಜ ಎನ್ನುವುದೂ ಬೇರೆ ಬೇರೆ. ಸರ್ಕಾರದ ಪೋರ್ಟಲ್ ಸಂಖ್ಯೆಯನ್ನು ನೋಡಿ ಒಪ್ಪಿಕೊಳ್ಳಬಹುದು. ಖಾಸಗಿ ಟ್ರಸ್ಟಿನಲ್ಲಿ ಅರ್ಜಿಯನ್ನು ಓದಲು ಮನುಷ್ಯರು ಕುಳಿತಿರುತ್ತಾರೆ. ಅವರು ಬ್ಯಾಂಕಿನ ಪಾಸ್‌ಬುಕ್ಕನ್ನು ಕೇಳುತ್ತಾರೆ, ಮನೆಯವರಿಗೆ ಫೋನು ಮಾಡುತ್ತಾರೆ, ಕೆಲವರು ಊರಿಗೇ ಬರುತ್ತಾರೆ. ತಿಂಗಳಿಗೆ 4,000 ರೂಪಾಯಿ ಆದಾಯದ ಮನೆಯಿಂದ ಮೊದಲ ವರ್ಷದ ಲಕ್ಷ ರೂಪಾಯಿ ಶುಲ್ಕ ಹೇಗೆ ಕಟ್ಟಿದಿರಿ ಎಂಬ ಪ್ರಶ್ನೆ ಅಲ್ಲಿ ಬಂದೇ ಬರುತ್ತದೆ. ಅದಕ್ಕೆ ನಿಮ್ಮ ಬಳಿ ಉತ್ತರವಿದೆ, ಆದರೆ ಹಳೆಯ ಪ್ರಮಾಣಪತ್ರ ಆ ಉತ್ತರವನ್ನು ಸುಳ್ಳು ಮಾಡುತ್ತದೆ.

ಮೊದಲು ಟ್ರಸ್ಟಿನ ಅರ್ಜಿಯಲ್ಲಿ «ಕುಟುಂಬ» ಎಂದರೆ ಯಾರು ಎಂದು ಬರೆದಿದ್ದಾರೆಯೇ ನೋಡಿ. ಕೆಲವು ಕಡೆ ತಂದೆ ತಾಯಿಯ ಆದಾಯವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ, ಕೆಲವು ಕಡೆ ಮನೆಯಲ್ಲಿ ದುಡಿಯುವ ಎಲ್ಲರದನ್ನೂ. ಅದನ್ನು ನೋಡದೆ ಯಾವ ಸಲಹೆಯೂ ಉಪಯೋಗಕ್ಕೆ ಬರುವುದಿಲ್ಲ.

ಗಂಗಾವತಿಯ ತಂದೆ | ಮೇ 5, ಬೆಳಿಗ್ಗೆ 8:30

ನನ್ನ ಮಗನಿಗೆ ಕಳೆದ ವರ್ಷದ ವಿದ್ಯಾರ್ಥಿವೇತನ ಇನ್ನೂ ಬಂದಿಲ್ಲ. ಸ್ಥಿತಿ ನೋಡಿದರೆ ಮಂಜೂರಾಗಿದೆ ಎಂದು ತೋರಿಸುತ್ತದೆ. ಪ್ರಬಂಧ ಬರೆದು ಕೊಡದಿದ್ದ ಕಾರಣಕ್ಕೆ ಹಣ ತಡೆದಿರಬಹುದೇ? ನಮಗೆ ಯಾರೂ ಪ್ರಬಂಧದ ವಿಷಯ ಹೇಳಲೇ ಇಲ್ಲ.

ಕಾಲೇಜು ಕಚೇರಿಯವರು | ಮೇ 5, ಬೆಳಿಗ್ಗೆ 9:10

ಇಲ್ಲ ಸ್ವಾಮಿ, ನೀವು ಹೇಳುತ್ತಿರುವುದು ರಾಜ್ಯ ಸರ್ಕಾರದ ssp.karnataka.gov.in ಮೂಲಕ ಹಾಕಿದ ಅರ್ಜಿ. ಅದಕ್ಕೆ ಪ್ರಬಂಧ ಬೇಕಿಲ್ಲ. ಮಂಜೂರಾಗಿಯೂ ಹಣ ಬಾರದಿದ್ದರೆ ಮೊದಲು ನೋಡಬೇಕಾದದ್ದು ಆಧಾರ್ ಜೋಡಣೆ. ಬ್ಯಾಂಕಿನವರು ಆಧಾರ್ ಪ್ರತಿ ಪಡೆದುಕೊಂಡಿದ್ದಾರೆ ಎಂದ ಮಾತ್ರಕ್ಕೆ ನೇರ ನಗದು ವರ್ಗಾವಣೆಗೆ ಆ ಖಾತೆ ಜೋಡಣೆಯಾಗಿದೆ ಎಂದು ಅರ್ಥವಲ್ಲ. myaadhaar.uidai.gov.in ತಾಣದಲ್ಲಿ ಮಗನ ಆಧಾರ್ ಸಂಖ್ಯೆ ಹಾಕಿ, ಮೊಬೈಲಿಗೆ ಬರುವ ಓಟಿಪಿ ಕೊಟ್ಟು, Bank Seeding Status ಎಂಬಲ್ಲಿ ಒತ್ತಿದರೆ ಯಾವ ಬ್ಯಾಂಕು ಜೋಡಣೆಯಾಗಿದೆ, ಅದು ಸಕ್ರಿಯವಾಗಿದೆಯೇ ಎಂದು ಕಾಣುತ್ತದೆ. ಎಷ್ಟೋ ಸಲ ಹಣ ಹುಡುಗರೇ ಮರೆತಿರುವ ಹಳೆಯ ಖಾತೆಗೆ ಹೋಗಿ ಕುಳಿತಿರುತ್ತದೆ. ಇದನ್ನು ಪ್ರತ್ಯೇಕವಾಗಿ ಕೇಳಿ, ಇಲ್ಲಿ ಬೆರೆಸಿದರೆ ಇಬ್ಬರಿಗೂ ಗೊಂದಲವಾಗುತ್ತದೆ.

ಶಿರಾದವನು | ಮೇ 5, ರಾತ್ರಿ 9:20

ಸರ್, ಅರ್ಜಿಯನ್ನು ಮತ್ತೆ ಓದಿದೆ. «ಒಂದೇ ಪಡಿತರ ಚೀಟಿಯಲ್ಲಿರುವ ದುಡಿಯುವ ಸದಸ್ಯರೆಲ್ಲರ ಆದಾಯ» ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಇನ್ನೂ ಅದೇ ಚೀಟಿಯಲ್ಲಿದ್ದೇನೆ. ಅಂದರೆ ನನ್ನ 1,86,000 ಸೇರಲೇಬೇಕು. ಎರಡು ಹಸುಗಳ ಹಾಲಿನಿಂದ ಬೂಸಾ ಹಿಂಡಿಯ ಖರ್ಚು ಕಳೆದು ವರ್ಷಕ್ಕೆ ಸುಮಾರು 36,000, ಎರಡೆಕರೆ ಮಳೆಯಾಶ್ರಿತ ಕಡಲೆಕಾಯಿಯಿಂದ ಕಳೆದ ಸಲ 18,000 ಉಳಿಯಿತು. ಒಟ್ಟು 2,40,000 ಆಯಿತು. ಮೂರು ಲಕ್ಷದ ಒಳಗೇ ಇದೆ, ಆದರೆ ಇಷ್ಟು ಆದಾಯ ತೋರಿಸಿದರೆ ನಮಗೆ ಕಷ್ಟವಿದೆ ಎಂದು ಯಾರು ನಂಬುತ್ತಾರೆ?

ಅರ್ಜಿ ಓದುವವಳು | ಮೇ 5, ರಾತ್ರಿ 11:00

ನಾನು ನಂಬುತ್ತೇನೆ. ಒಂದು ಸಣ್ಣ ಟ್ರಸ್ಟಿಗಾಗಿ ಆರು ವರ್ಷದಿಂದ, ಸಂಬಳವಿಲ್ಲದೆ, ಪ್ರತಿ ಬೇಸಿಗೆಯಲ್ಲಿ ನೂರೈವತ್ತರಷ್ಟು ಅರ್ಜಿಗಳನ್ನು ಓದುತ್ತೇನೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಆರಂಭವಾಗುವುದು ನಿಮ್ಮ ತಂಗಿ ಬರೆದಿರುವ ಅದೇ ವಾಕ್ಯದಿಂದ. ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಅದು ನನಗೆ ಗೊತ್ತಿಲ್ಲದ್ದೇನನ್ನೂ ಹೇಳುವುದಿಲ್ಲ. ಆದಾಯ ಮೂರು ಲಕ್ಷದ ಒಳಗಿರುವವರಷ್ಟೇ ನನ್ನ ಮೇಜಿಗೆ ಬರುತ್ತಾರೆ. ಬಡತನ ಆ ಎಲ್ಲರಲ್ಲೂ ಇದೆ. ನೂರೈವತ್ತು ಜನರಲ್ಲಿ ಇಪ್ಪತ್ತು ಜನರನ್ನು ನಾನು ಆರಿಸಬೇಕಾದಾಗ ನೋಡುವುದು, ಈ ಮನೆಗೆ ಎಷ್ಟು ಹಣ ಬರುತ್ತದೆ, ಎಲ್ಲಿ ಹೋಗುತ್ತದೆ, ಓದಿಗೆ ಎಷ್ಟು ಕೊರತೆ ಬೀಳುತ್ತದೆ, ನಾವು ಕೊಡುವ ಹಣ ಆ ಕೊರತೆಯನ್ನು ತುಂಬುತ್ತದೆಯೇ ಎಂಬುದನ್ನು. 48,000 ಆದಾಯ ಬರೆದವರಿಗಿಂತ 2,40,000 ಬರೆದು ಅದು ಹೇಗೆ ಕರಗುತ್ತದೆ ಎಂದು ತೋರಿಸಿದವರ ಅರ್ಜಿ ಎಷ್ಟೋ ಸಲ ನಮ್ಮಲ್ಲಿ ಮೇಲೆ ಬಂದಿದೆ, ಏಕೆಂದರೆ ಮೊದಲನೆಯದರಲ್ಲಿ ಲೆಕ್ಕ ಕೂಡುವುದೇ ಇಲ್ಲ.

ನಿಮ್ಮ ಸಂಬಳದಲ್ಲಿ ಊರಿಗೆ ಎಷ್ಟು ಕಳಿಸುತ್ತೀರಿ? ಮೊದಲ ವರ್ಷದ ಶುಲ್ಕ ಎಲ್ಲಿಂದ ಬಂತು? ಮುಂದಿನ ವರ್ಷದ ಒಟ್ಟು ಖರ್ಚೆಷ್ಟು? ಇಷ್ಟನ್ನು ಹೇಳಿ, ಪ್ರಬಂಧದ ಮೊದಲ ಅರ್ಧ ತಾನಾಗಿ ಬರುತ್ತದೆ.

ಎರಡನೇ ಬೆಂಚು | ಮೇ 6, ಬೆಳಿಗ್ಗೆ 6:50

ನಾನು ಬಿಎಸ್‌ಸಿ ಕೊನೆಯ ವರ್ಷದ ವಿದ್ಯಾರ್ಥಿನಿ. ನನಗಾದದ್ದನ್ನು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು. ನಾನು ಕಳೆದ ವರ್ಷ ಪ್ರಬಂಧಕ್ಕೆ ಎರಡು ವಾರ ಕೊಟ್ಟೆ, ದಾಖಲೆಗೆ ಎರಡು ದಿನ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ನಂತರ ಒಂದು ಇನಿಷಿಯಲ್ ಇದೆ, ಆಧಾರಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ತಂದೆಯ ಪೂರ್ತಿ ಹೆಸರಾಗಿದೆ, ಬ್ಯಾಂಕಿನಲ್ಲಿ ಇನಿಷಿಯಲ್ಲೇ ಇಲ್ಲ. ಆನ್‌ಲೈನ್ ಅರ್ಜಿಯಲ್ಲಿ ಆಧಾರಿನಂತೆ ಹೆಸರು ಬಂತು, ಅಂಕಪಟ್ಟಿ ಬೇರೆ ಎಂದು ತಿರಸ್ಕೃತವಾಯಿತು. ತಿದ್ದಿಸಲು ಹೋದಾಗ ಕೊನೆಯ ದಿನಕ್ಕೆ ನಾಲ್ಕೇ ದಿನ ಉಳಿದಿತ್ತು. ಆ ಪ್ರಬಂಧವನ್ನು ಯಾರೂ ಓದಲೇ ಇಲ್ಲ.

ಇನ್ನೊಂದು. ಮೂಲ ಅಂಕಪಟ್ಟಿ ಮತ್ತು ವರ್ಗಾವಣೆ ಪತ್ರವನ್ನು ಪ್ರವೇಶದ ದಿನ ಕಾಲೇಜಿಗೆ ಕೊಟ್ಟುಬಿಟ್ಟಿದ್ದೆ. ಸ್ಕ್ಯಾನ್ ಮಾಡಿಟ್ಟುಕೊಂಡಿರಲಿಲ್ಲ. ಜೆರಾಕ್ಸ್ ಪ್ರತಿಯ ಫೋಟೋ ತೆಗೆದು ಹಾಕಿದರೆ ನೋಂದಣಿ ಸಂಖ್ಯೆಯೇ ಓದಲು ಬರುತ್ತಿರಲಿಲ್ಲ.

ಕಾಲೇಜು ಕಚೇರಿಯವರು | ಮೇ 6, ಬೆಳಿಗ್ಗೆ 9:30

ಈ ಮಗಳು ಹೇಳಿದ್ದು ನಾನು ಪ್ರತಿ ವರ್ಷ ಕಾಣುವ ಸಂಗತಿ. ದಾಖಲೆ ಬೇಗ ಸೇರಿಸಿ ಎಂದರೆ ಎಲ್ಲರೂ ಜೆರಾಕ್ಸ್ ಅಂಗಡಿಗೆ ಓಡುತ್ತಾರೆ. ಜೆರಾಕ್ಸಿಗೆ ಅರ್ಧ ಗಂಟೆ ಸಾಕು. ಸಮಯ ತಿನ್ನುವುದು ಹೆಸರಿನ ತಿದ್ದುಪಡಿ. ಆದ್ದರಿಂದ ಇಂದೇ ಒಂದು ಹಾಳೆಯ ಮೇಲೆ ಅಂಕಪಟ್ಟಿ, ಆಧಾರ್, ಬ್ಯಾಂಕಿನ ಪಾಸ್‌ಬುಕ್, ಆದಾಯ ಪ್ರಮಾಣಪತ್ರ, ಪಡಿತರ ಚೀಟಿ ಈ ಐದರಲ್ಲಿ ವಿದ್ಯಾರ್ಥಿಯ ಹೆಸರು ಮತ್ತು ತಂದೆಯ ಹೆಸರು ಹೇಗಿದೆಯೋ ಹಾಗೆಯೇ, ಅಕ್ಷರ ಬಿಡದೆ, ಒಂದರ ಕೆಳಗೊಂದು ಬರೆಯಿರಿ. ಹನುಮಂತರಾಯ ಒಂದು ಕಡೆ, ಹನುಮಂತರಾಯಪ್ಪ ಇನ್ನೊಂದು ಕಡೆ ಇರುವುದು ಆಗ ಕಣ್ಣಿಗೆ ಬೀಳುತ್ತದೆ.

ಯಾವುದನ್ನು ತಿದ್ದಿಸಬೇಕು ಎಂಬುದಕ್ಕೆ ನನ್ನ ಅನುಭವದ ಉತ್ತರವೆಂದರೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು. ಅಂಕಪಟ್ಟಿಯನ್ನು ತಿದ್ದಿಸಬೇಕಾದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಹೋಗಬೇಕಾಗುತ್ತದೆ, ಅದು ತಿಂಗಳುಗಳ ಮಾತು. ಆಧಾರಿನ ಹೆಸರನ್ನು ಕೇಂದ್ರಕ್ಕೆ ಹೋಗಿ ತಿದ್ದಿಸಬಹುದು. ಆದರೆ ಹೆಸರಿನ ಬದಲಾವಣೆಗೆ ಜೀವನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಹಾಗಾಗಿ ಅಲ್ಲಿ ಕುಳಿತವರು ಹೆಸರು ಟೈಪ್ ಮಾಡುವಾಗ ಪರದೆಯನ್ನು ನೋಡಿ, ಇನಿಷಿಯಲ್ ಹಿಂದೆ ಬಂತೋ ಮುಂದೆ ಬಂತೋ ಪರೀಕ್ಷಿಸಿಯೇ ಒಪ್ಪಿಗೆ ಕೊಡಿ. ಆಧಾರ್ ಸರಿಯಾದ ಮೇಲೆ ಬ್ಯಾಂಕಿಗೆ ಹೋಗಿ. ಈ ಕ್ರಮ ತಪ್ಪಿದರೆ ಬ್ಯಾಂಕಿಗೆ ಎರಡು ಸಲ ಅಲೆಯಬೇಕಾಗುತ್ತದೆ.

ಆದಾಯ ಪ್ರಮಾಣಪತ್ರಕ್ಕೂ ಈಗಲೇ ಅರ್ಜಿ ಹಾಕಿ. ನಾಡಕಚೇರಿಯಲ್ಲಿ ಹಾಕಿದರೂ ಗ್ರಾಮ ಒನ್‌ನಲ್ಲಿ ಹಾಕಿದರೂ ಅದು ಗ್ರಾಮ ಆಡಳಿತ ಅಧಿಕಾರಿಯ ವರದಿಗೆ ಹೋಗಿ ಬರಬೇಕು. ಅವರು ಚುನಾವಣೆ ಕೆಲಸದಲ್ಲೋ ಬೆಳೆ ಸಮೀಕ್ಷೆಯಲ್ಲೋ ಇದ್ದರೆ ನಿಮ್ಮ ಕಾಗದ ಅಲ್ಲೇ ನಿಲ್ಲುತ್ತದೆ. ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿಯಲ್ಲಿ ಸಂಖ್ಯೆ ಇರುತ್ತದೆ, ಅದನ್ನು ಕಳೆಯಬೇಡಿ. ಜೂನ್ 10 ದಾಟಿದ ಮೇಲೆ ನಾಡಕಚೇರಿಯ ಮುಂದೆ ಶಾಲಾ ಪ್ರವೇಶದವರ ಸಾಲೂ ಸೇರಿಕೊಳ್ಳುತ್ತದೆ.

ಹಾಸನದ ಗಿರೀಶ | ಮೇ 6, ಮಧ್ಯಾಹ್ನ 1:15

ಹೊಸ ಪ್ರಮಾಣಪತ್ರದಲ್ಲಿ 2,40,000 ಎಂದು ಬಂದರೆ ಸರ್ಕಾರದ ಕಡೆಯಿಂದ ಸಿಗುತ್ತಿರುವ ಶುಲ್ಕ ವಿನಾಯಿತಿ ಹೋಗಬಹುದಲ್ಲ? ಅಲ್ಲಿಗೆ ಹಳೆಯದು, ಟ್ರಸ್ಟಿಗೆ ಹೊಸದು ಕೊಡಲಿ. ಎರಡೂ ಅವಧಿಯಲ್ಲೇ ಇವೆ.

ಕಾಲೇಜು ಕಚೇರಿಯವರು | ಮೇ 6, ಸಂಜೆ 6:40

ಇದೊಂದು ಮಾತನ್ನು ನಾನು ಒಪ್ಪಲಾರೆ. ಒಂದೇ ಮನೆಯ ಬಗ್ಗೆ ಎರಡು ಕಡೆ ಎರಡು ಅಂಕಿ ಕೊಟ್ಟು, ಎರಡರ ಕೆಳಗೂ «ಮೇಲಿನ ವಿವರ ಸತ್ಯ» ಎಂದು ಸಹಿ ಹಾಕುವುದು ಹುಡುಗಿಯ ಕೈಯಲ್ಲಿ. ಸಿಕ್ಕಿಬಿದ್ದರೆ ಅಣ್ಣ, ಮಾವ ಯಾರೂ ಉತ್ತರ ಕೊಡುವುದಿಲ್ಲ, ಅವಳೇ ಕೊಡಬೇಕು. ಇನ್ನು ಸರ್ಕಾರದ ವಿನಾಯಿತಿಗೆ ಅಣ್ಣನ ಸಂಬಳ ಲೆಕ್ಕಕ್ಕೆ ಬರುತ್ತದೆಯೇ ಎಂಬುದು ನಿಮ್ಮ ವರ್ಗ ಮತ್ತು ಯೋಜನೆಯ ಮೇಲೆ ಹೋಗುತ್ತದೆ. ತಾಲ್ಲೂಕಿನ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿಯೇ ತಿಳಿಯಬೇಕು. ಇಲ್ಲಿ ಕುಳಿತು ನಾನು ತೀರ್ಪು ಕೊಡುವುದು ಸರಿಯಲ್ಲ.

ಶಿರಾದವನು | ಮೇ 7, ರಾತ್ರಿ 10:05

ಹೆಸರುಗಳ ಹಾಳೆ ಮಾಡಿದೆವು. ತಂಗಿಯ ಹೆಸರು ಎಲ್ಲ ಕಡೆ ಸರಿಯಿದೆ, ಅಪ್ಪನ ಹೆಸರು ಪಡಿತರ ಚೀಟಿಯಲ್ಲಿ ಒಂದು ಅಕ್ಷರ ಹೆಚ್ಚಾಗಿದೆ. ಗ್ರಾಮ ಒನ್‌ನಲ್ಲಿ ಆದಾಯ ಪ್ರಮಾಣಪತ್ರಕ್ಕೆ ಹೊಸದಾಗಿ ಅರ್ಜಿಯನ್ನೂ ಹಾಕಿದೆವು.

ಮೇಡಂ, ನೀವು ಕೇಳಿದ ಲೆಕ್ಕ ಹೀಗಿದೆ. ನನ್ನ ಸಂಬಳದಲ್ಲಿ ಬಾಡಿಗೆ ಊಟಕ್ಕೆ 8,500 ಹೋಗಿ 7,000 ಊರಿಗೆ ಕಳಿಸುತ್ತೇನೆ, ವರ್ಷಕ್ಕೆ 84,000. ಹಾಲಿನದು 36,000, ಕಡಲೆಕಾಯಿಯದು 18,000, ಅಮ್ಮನಿಗೆ ಬರುವ ಗೃಹಲಕ್ಷ್ಮಿ 24,000. ಒಟ್ಟು 1,62,000 ಮನೆಗೆ ಸೇರುತ್ತದೆ. ಮನೆಖರ್ಚು ತಿಂಗಳಿಗೆ 6,500ರಂತೆ 78,000. ಮೊದಲ ವರ್ಷದ ಶುಲ್ಕಕ್ಕೆಂದು ಅಮ್ಮನ ಸರ ಅಡವಿಟ್ಟು 80,000 ತಂದಿದ್ದೆವು, ಅದರ ಬಡ್ಡಿಗೂ ಅಸಲಿಗೂ ಸೇರಿ ವರ್ಷಕ್ಕೆ 24,000 ಕಟ್ಟುತ್ತಿದ್ದೇವೆ. ಉಳಿಯುವುದು 60,000. ಮುಂದಿನ ವರ್ಷಕ್ಕೆ ಕಾಲೇಜಿಗೆ 1,06,000, ಪಿಜಿಗೆ ತಿಂಗಳಿಗೆ 5,000ದಂತೆ ಹತ್ತು ತಿಂಗಳಿಗೆ 50,000, ಪರೀಕ್ಷೆ ಮತ್ತು ಪುಸ್ತಕಕ್ಕೆ 14,000. ಒಟ್ಟು 1,70,000. ಕೊರತೆ 1,10,000.

ಗೃಹಲಕ್ಷ್ಮಿಯನ್ನು ಆದಾಯದಲ್ಲಿ ತೋರಿಸಬೇಕೇ ಎಂಬುದು ಗೊತ್ತಾಗಲಿಲ್ಲ.

ಅರ್ಜಿ ಓದುವವಳು | ಮೇ 7, ರಾತ್ರಿ 11:30

ಈ ಲೆಕ್ಕವನ್ನು ನೋಡಿ ಸಂತೋಷವಾಯಿತು, ಏಕೆಂದರೆ ಇದರಲ್ಲಿ ಒಂದು ಅಂಕಿಯೂ ಕಣ್ಣೀರು ಕೇಳುತ್ತಿಲ್ಲ, ಆದರೂ ವಿಷಯ ಪೂರ್ತಿ ತಿಳಿಯುತ್ತದೆ. ಪ್ರತಿಯೊಂದಕ್ಕೂ ಒಂದು ಕಾಗದ ಜೋಡಿಸಬಹುದು: ನಿಮ್ಮ ಸಂಬಳದ ಚೀಟಿ, ಡೇರಿಯ ಹಣ ಜಮಾ ಆಗುವ ಪಾಸ್‌ಬುಕ್ಕಿನ ಪುಟಗಳು, ಪಹಣಿ, ಚಿನ್ನದ ಸಾಲದ ರಸೀದಿ, ಕಾಲೇಜಿನ ಶುಲ್ಕದ ರಸೀದಿ, ಪಿಜಿಯವರಿಂದ ಒಂದು ಸಾದಾ ಚೀಟಿ. ಕೇಳದಿದ್ದರೂ ಚಿನ್ನದ ಸಾಲದ ರಸೀದಿಯನ್ನು ಲಗತ್ತಿಸಿ. ಮೊದಲ ವರ್ಷ ಹೇಗೆ ಕಟ್ಟಿದಿರಿ ಎಂಬ ಪ್ರಶ್ನೆಗೆ ಅದೊಂದೇ ಉತ್ತರ ಹೇಳುತ್ತದೆ.

ಗಮನಿಸಬೇಕಾದ ಒಂದು ಸಂಗತಿ ಇದೆ. ಕೊರತೆ 1,10,000, ಟ್ರಸ್ಟು ಕೊಡುವುದು ಹೆಚ್ಚೆಂದರೆ 75,000. ಉಳಿದ 35,000 ಎಲ್ಲಿಂದ ಎಂದು ಪ್ರಬಂಧದಲ್ಲಿ ಹೇಳದಿದ್ದರೆ, ನಾವು ಹಣ ಕೊಟ್ಟರೂ ಹುಡುಗಿ ನಡುವೆ ಓದು ಬಿಡಬಹುದೆಂಬ ಅನುಮಾನ ಓದುವವರಿಗೆ ಬರುತ್ತದೆ. ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಕಾಲೇಜು ಒಪ್ಪಿದೆಯೇ, ನೀವು ಓಟಿ ಮಾಡುತ್ತೀರಾ, ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೀರಾ, ಇದ್ದದ್ದನ್ನು ಇದ್ದಂತೆ ಬರೆಯಲಿ. ಬೇರೆ ಕಡೆ ಹಾಕಿರುವ ಅರ್ಜಿಯನ್ನು ಮುಚ್ಚಿಡುವುದು ಬೇಡ.

ಗೃಹಲಕ್ಷ್ಮಿಯ ವಿಷಯದಲ್ಲಿ ನಮ್ಮ ಸಮಿತಿಯೊಳಗೇ ಒಮ್ಮತವಿಲ್ಲ. ಅದು ಆದಾಯವಲ್ಲ, ನೆರವು ಎನ್ನುವವರಿದ್ದಾರೆ. ನಾನು ಮಾತ್ರ, ಆದಾಯದ ಕಲಮಿನಲ್ಲಿ ಸೇರಿಸದಿದ್ದರೂ ಮನೆಗೆ ಬರುವ ಹಣದ ಲೆಕ್ಕದಲ್ಲಿ ಅದನ್ನು ಹೇಳಿದವರನ್ನು ಹೆಚ್ಚು ನಂಬುತ್ತೇನೆ. ನೀವು ಸೇರಿಸಿದರೂ 2,64,000 ಆಗುತ್ತದೆ, ಮಿತಿ ಮೀರುವುದಿಲ್ಲ. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ದಿನವೂ ಕೆಂಪು ಬಸ್ಸಿನಲ್ಲಿ ಕಾಲೇಜಿಗೆ ಹೋಗಲು ವರ್ಷಕ್ಕೆ 12,000 ಬೇಕು ಎಂದು ಬರೆದಿದ್ದಳು. ಶಕ್ತಿ ಯೋಜನೆ ಬಂದು ಆಗಲೇ ಒಂದು ವರ್ಷವಾಗಿತ್ತು, ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಅವಳು ಟಿಕೆಟ್ಟಿಗೆ ಹಣವನ್ನೇ ಕೊಡಬೇಕಿರಲಿಲ್ಲ. ಹಳೆಯ ಯಾವುದೋ ಪ್ರಬಂಧವನ್ನು ನೋಡಿ ಬರೆದಿದ್ದಳು, ಅಷ್ಟೇ. ಆದರೆ ಆ ಒಂದು ಸಾಲಿನಿಂದ ಉಳಿದ ಅಂಕಿಗಳ ಮೇಲೂ ನಮಗೆ ಅನುಮಾನ ಹುಟ್ಟಿತು.

ನಿವೃತ್ತ ಮೇಷ್ಟ್ರು | ಮೇ 8, ಬೆಳಿಗ್ಗೆ 6:20

ಲೆಕ್ಕದ ಮಾತೆಲ್ಲ ಸರಿಯೇ. ಆದರೆ ಇದು ಅಂಗಡಿಯ ಜಮಾಖರ್ಚಿನ ಪುಸ್ತಕವಲ್ಲ, ಒಂದು ಮಗುವಿನ ಪ್ರಬಂಧ ಎಂಬುದು ಮರೆತುಹೋಗುತ್ತಿದೆ. ಅರ್ಹತೆಯ ಭಾಗ ಏನಾಯಿತು? ಅಂಕ ಎಷ್ಟು? ನನ್ನ ಅಭಿಪ್ರಾಯದಲ್ಲಿ ಪ್ರಬಂಧ ಇಂಗ್ಲಿಷಿನಲ್ಲೇ ಇರಲಿ. ಎಂಜಿನಿಯರಿಂಗ್ ಓದುವವಳು ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಬಾರದವಳು ಎಂದು ಮೊದಲೇ ತೀರ್ಮಾನಿಸುತ್ತಾರೆ. ಕನ್ನಡ ಮೇಷ್ಟ್ರಾಗಿ ಮೂವತ್ತು ವರ್ಷ ಕಳೆದವನು ಹೀಗೆ ಹೇಳಬೇಕಾಗಿರುವುದಕ್ಕೆ ನನಗೂ ಬೇಸರವಿದೆ.

ಶಿರಾದವನು | ಮೇ 8, ರಾತ್ರಿ 9:00

ಮೇಷ್ಟ್ರೇ, ಪಿಯುಸಿಯಲ್ಲಿ ಶೇಕಡಾ 84. ಮೊದಲ ಸೆಮಿಸ್ಟರಿನಲ್ಲಿ ಎಸ್‌ಜಿಪಿಎ 7.1ಕ್ಕೆ ಇಳಿಯಿತು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಬಹುಮಾನ, ಕ್ರೀಡೆ ಎಂದು ತೋರಿಸುವಂಥದ್ದು ಏನೂ ಇಲ್ಲ. ಈ ಭಾಗದಲ್ಲಿ ಅವಳು «ನಾನು ಶ್ರಮಜೀವಿ, ಪ್ರಾಮಾಣಿಕಳು, ದೇಶಸೇವೆ ಮಾಡಬೇಕೆಂಬ ಆಸೆ» ಎಂದು ಬರೆದು ನಿಲ್ಲಿಸಿದ್ದಾಳೆ.

ಅರ್ಜಿ ಓದುವವಳು | ಮೇ 8, ರಾತ್ರಿ 10:20

ಅವಳು ಯಾರೂ ಹೇಳದೆ ತಾನಾಗಿ ಮಾಡಿದ ಕೆಲಸ ಏನಾದರೂ ಇದೆಯೇ? ಮನೆಯಲ್ಲಿ, ಊರಲ್ಲಿ, ಎಲ್ಲಾದರೂ. ಅದು ಚಿಕ್ಕದಾದಷ್ಟೂ ಒಳ್ಳೆಯದು. 7.1 ಏಕೆ ಆಯಿತು, ಆಮೇಲೆ ಅವಳು ಏನು ಬದಲಿಸಿಕೊಂಡಳು ಎಂಬುದನ್ನೂ ಕೇಳಿ. ಇಳಿದ ಅಂಕವನ್ನು ಬಚ್ಚಿಡಬೇಡಿ, ಅಂಕಪಟ್ಟಿ ನನ್ನ ಮುಂದೆಯೇ ಇರುತ್ತದೆ.

ಶಿರಾದವನು | ಮೇ 9, ರಾತ್ರಿ 9:50

ಕೇಳಿದೆ. ಒಂದು ಸಂಗತಿ ನನಗೂ ಗೊತ್ತಿರಲಿಲ್ಲ. ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡಿ ದರ ಹಾಕುತ್ತಾರೆ. ಅಪ್ಪ ತರುವ ಚೀಟಿಗಳನ್ನೆಲ್ಲ ಅವಳು ಮೊಬೈಲಿನ ಒಂದು ಎಕ್ಸೆಲ್ ಹಾಳೆಯಲ್ಲಿ ದಿನವೂ ಬರೆದಿಡುತ್ತಿದ್ದಳಂತೆ, ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಹಣ ಎಷ್ಟು ಎಂದು. ಪಿಯುಸಿ ರಜೆಯಲ್ಲಿ ಲೆಕ್ಕ ಕೂಡಿಸಿದಾಗ ಎರಡು ಸಲದ ಸಂಜೆ ಹಾಲು ಬಟವಾಡೆಯಲ್ಲಿ ಸೇರಿರಲಿಲ್ಲ. ಚೀಟಿ ತೋರಿಸಿದ ಮೇಲೆ ಮುಂದಿನ ಬಟವಾಡೆಯಲ್ಲಿ ಸೇರಿಸಿದರು. ಈಗ ಪಕ್ಕದ ಮೂರು ಮನೆಯವರ ಚೀಟಿಗಳನ್ನೂ ಅವಳೇ ನೋಡುತ್ತಾಳೆ. ಇದನ್ನೆಲ್ಲ ಬರೆಯಬಹುದೇ ಎಂದು ನಗುತ್ತಿದ್ದಳು.

7.1ರ ಬಗ್ಗೆ ಹೇಳಿದ್ದು: ಗಣಿತ ಬರುತ್ತಿತ್ತು, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗುವಷ್ಟರಲ್ಲಿ ಸಮಯ ಹೋಗುತ್ತಿತ್ತು. ಎರಡನೇ ಸೆಮಿಸ್ಟರಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿದಳು. ಆಂತರಿಕ ಪರೀಕ್ಷೆಯ ಅಂಕಗಳು ಏರಿವೆ, ಸೆಮಿಸ್ಟರ್ ಫಲಿತಾಂಶ ಇನ್ನೂ ಬಂದಿಲ್ಲ.

ಅರ್ಜಿ ಓದುವವಳು | ಮೇ 9, ರಾತ್ರಿ 11:10

ಬರೆಯಬಹುದೇ ಎಂದರೆ? ಅದನ್ನೇ ಮೊದಲು ಬರೆಯಬೇಕು! ಮಾದರಿಗೆಂದು ನಾನೊಂದು ಆರಂಭ ಕೊಡುತ್ತೇನೆ, ಇದನ್ನು ನಕಲು ಮಾಡದೆ ಅವಳು ತನ್ನ ಮಾತಿನಲ್ಲಿ ಬರೆಯಲಿ:

«ನಮ್ಮ ಮನೆಯ ಎರಡು ಹಸುಗಳ ಹಾಲಿನ ಚೀಟಿಗಳನ್ನು ನಾನು ಪಿಯುಸಿ ಓದುವಾಗಿನಿಂದ ಮೊಬೈಲಿನಲ್ಲಿ ಲೆಕ್ಕ ಇಡುತ್ತಿದ್ದೇನೆ. ಒಮ್ಮೆ ಎರಡು ಸಂಜೆಯ ಹಾಲು ಬಟವಾಡೆಯಲ್ಲಿ ಬಿಟ್ಟುಹೋಗಿದ್ದು ಅದರಿಂದ ತಿಳಿಯಿತು. ಆ ಹಾಲಿನಿಂದ ನಮ್ಮ ಮನೆಗೆ ವರ್ಷಕ್ಕೆ ಉಳಿಯುವುದು 36,000 ರೂಪಾಯಿ. ನನ್ನ ಅಣ್ಣ ತನ್ನ ಸಂಬಳದಲ್ಲಿ ಕಳಿಸುವುದು 84,000. ನನ್ನ ಮುಂದಿನ ವರ್ಷದ ಓದಿಗೆ 1,70,000 ಬೇಕು, ಮನೆಯಿಂದ ಕೊಡಲು ಸಾಧ್ಯವಾಗುವುದು 60,000.»

ಇಷ್ಟರಲ್ಲಿ ಹುಡುಗಿಯೂ ಕಂಡಳು, ಮನೆಯೂ ಕಂಡಿತು, ಕೊರತೆಯೂ ಕಂಡಿತು. ಶ್ರಮಜೀವಿ ಎಂಬ ಪದ ಬೇಕಾಗಲಿಲ್ಲ. ಮುಂದಿನ ಭಾಗದಲ್ಲಿ ಅಡವಿಟ್ಟ ಸರ, ಮತ್ತೆ ಅಡವಿಡಲು ಏನೂ ಉಳಿದಿಲ್ಲದಿರುವುದು, 35,000ಕ್ಕೆ ಮಾಡಿಕೊಂಡ ದಾರಿ. ಅದಾದ ಮೇಲೆ 7.1 ಮತ್ತು ಗಡಿಯಾರದ ಕಥೆ. ನೆರವು ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ, ಉತ್ಪ್ರೇಕ್ಷೆಯಿಲ್ಲದೆ ಹೇಳಲಿ. ಓದು ನಿಲ್ಲುತ್ತದೆ ಎಂಬುದು ನಿಜವಲ್ಲದಿದ್ದರೆ ಹಾಗೆ ಬರೆಯಬಾರದು. ಪಿಜಿ ಬಿಟ್ಟು ಊರಿನಿಂದ ದಿನವೂ ಓಡಾಡಬೇಕಾಗುತ್ತದೆ ಎಂಬುದು ನಿಜವಾದರೆ ಅದನ್ನೇ ಬರೆಯಲಿ.

ಭಾಷೆಯ ವಿಷಯದಲ್ಲಿ ಮೇಷ್ಟ್ರ ಮಾತಿಗೆ ನನ್ನ ವಿರೋಧವಿದೆ. ಎರಡೂ ಭಾಷೆಗೆ ಅವಕಾಶ ಕೊಟ್ಟವರು ಕನ್ನಡ ಓದಬಲ್ಲವರನ್ನು ಕೂರಿಸಿಯೇ ಕೊಟ್ಟಿರುತ್ತಾರೆ.

ನಿವೃತ್ತ ಮೇಷ್ಟ್ರು | ಮೇ 10, ಬೆಳಿಗ್ಗೆ 6:35

ನಿಮ್ಮ ಟ್ರಸ್ಟಿನಲ್ಲಿ ಕೂರಿಸಿರಬಹುದು ತಾಯಿ, ಎಲ್ಲ ಕಡೆಯೂ ಹಾಗಿರುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ಹಾಲಿನ ಚೀಟಿಯ ವಿಷಯಕ್ಕೆ ಸೋತೆ. ಶಿಫಾರಸು ಪತ್ರವಿದ್ದರೆ ಅದನ್ನು ಬರೆಯುವ ಅಧ್ಯಾಪಕರಿಗೂ ಈ ಸಂಗತಿಗಳನ್ನು ಒಂದು ಪುಟದಲ್ಲಿ ಬರೆದು, ಮೂರು ವಾರ ಮೊದಲೇ ಕೊಡಿ. ಕೊನೆಯ ದಿನ ಬಂದವರಿಗೆ ನಾನೂ «ಸನ್ನಡತೆಯ ವಿದ್ಯಾರ್ಥಿ» ಎಂದು ಎರಡು ಸಾಲು ಗೀಚಿ ಕಳಿಸಿದ್ದೇನೆ.

ಶಿರಾದವನು | ಮೇ 27, ರಾತ್ರಿ 9:15

ಆದಾಯ ಪ್ರಮಾಣಪತ್ರ ಇವತ್ತು ಕೈಗೆ ಬಂತು. ಆದರೆ ಅದರಲ್ಲಿ 2,00,000 ಎಂದಿದೆ, ನಾವು ಹೇಳಿದ್ದು 2,40,000. ವಿಚಾರಿಸಿದರೆ ಹಾಲಿನದನ್ನು ಸೇರಿಸಿಲ್ಲ, ಬೆಳೆಯದನ್ನು ಅಂದಾಜಿನಲ್ಲಿ ಹಾಕಿದ್ದೇವೆ ಎಂದರು. ಮತ್ತೆ ತಿದ್ದಿಸಬೇಕೇ? ಪ್ರಬಂಧವನ್ನು ತಂಗಿ ಕನ್ನಡದಲ್ಲೇ ಬರೆದು ಮುಗಿಸಿದ್ದಾಳೆ, 480 ಪದಗಳಾಗಿವೆ.

ಕಾಲೇಜು ಕಚೇರಿಯವರು | ಮೇ 27, ರಾತ್ರಿ 10:00

ತಿದ್ದಿಸಲು ಹೋದರೆ ಜೂನ್ 20 ದಾಟಬಹುದು. ನನ್ನ ಕೈಯಲ್ಲಿದ್ದರೆ ಅದನ್ನೇ ಲಗತ್ತಿಸಿ, ಪ್ರಬಂಧದ ಲೆಕ್ಕದ ಪಕ್ಕದಲ್ಲಿ «ಪ್ರಮಾಣಪತ್ರದಲ್ಲಿ ಹಾಲಿನ ಆದಾಯ ಸೇರಿಲ್ಲ, ಬೆಳೆಯದು ಅಂದಾಜಿನದು, ಎರಡನ್ನೂ ಸರಿಯಾಗಿ ಸೇರಿಸಿದರೆ ನಮ್ಮ ಆದಾಯ 2,40,000 ಆಗುತ್ತದೆ» ಎಂದು ಒಂದು ವಾಕ್ಯ ಬರೆಸುತ್ತಿದ್ದೆ. 20 ಪದಗಳಿಗೆ ಜಾಗವಿದೆಯಲ್ಲ. ಅರ್ಜಿಯ ಆದಾಯದ ಕಲಮಿನಲ್ಲಿ ಯಾವ ಅಂಕಿ ಹಾಕಬೇಕೆಂದು ಮಾತ್ರ ಟ್ರಸ್ಟಿನವರಿಗೇ ಮಿಂಚಂಚೆಯಲ್ಲಿ ಕೇಳಿ, ಅವರ ಉತ್ತರವನ್ನು ಇಟ್ಟುಕೊಳ್ಳಿ.

ಹಾಸನದ ಗಿರೀಶ | ಮೇ 28, ಬೆಳಿಗ್ಗೆ 8:10

ಕಡಿಮೆ ಬಂದದ್ದನ್ನು ತಾವಾಗಿಯೇ ಹೆಚ್ಚೆಂದು ಹೇಳುವುದು ನನಗೆ ಈಗಲೂ ಒಗ್ಗುವುದಿಲ್ಲ. ಆದರೆ ನಿಮ್ಮ ತಂಗಿಯ ಹಾಲಿನ ಹಾಳೆ ಹೇಗಿದೆ ಎಂದು ಒಂದು ಚಿತ್ರ ಹಾಕುವಿರಾ? ನಮ್ಮ ಮನೆಯಲ್ಲೂ ನಾಲ್ಕು ಹಸುಗಳಿವೆ.

ಶಿರಾದವನು | ಜೂನ್ 2, ರಾತ್ರಿ 9:30

ಟ್ರಸ್ಟಿನಿಂದ ಉತ್ತರ ಬಂತು: ಕಲಮಿನಲ್ಲಿ ಪ್ರಮಾಣಪತ್ರದ ಅಂಕಿಯನ್ನೇ ಹಾಕಿ, ವ್ಯತ್ಯಾಸವನ್ನು ಪ್ರಬಂಧದಲ್ಲಿ ತಿಳಿಸಿ ಎಂದಿದ್ದಾರೆ. ಗೃಹಲಕ್ಷ್ಮಿಯ ಬಗ್ಗೆ ಕೇಳಿದ್ದಕ್ಕೆ ಏನನ್ನೂ ಹೇಳಿಲ್ಲ, ನಾವು ಲೆಕ್ಕದಲ್ಲಿ ಉಳಿಸಿಕೊಂಡಿದ್ದೇವೆ. ಪಡಿತರ ಚೀಟಿಯಲ್ಲಿ ಅಪ್ಪನ ಹೆಸರಿನ ತಿದ್ದುಪಡಿ ಇನ್ನೂ ಆಗಿಲ್ಲ, ಅರ್ಜಿ ಕೊಟ್ಟ ಸ್ವೀಕೃತಿಯನ್ನು ಜೊತೆಗಿಟ್ಟಿದ್ದೇವೆ. ಗಿರೀಶ್ ಸರ್, ಹಾಳೆಯ ಚಿತ್ರವನ್ನು ತಂಗಿ ಭಾನುವಾರ ಊರಿಗೆ ಬಂದಾಗ ಕಳಿಸುತ್ತಾಳಂತೆ.